ಮೂರು ಗುಂಪುಗಳ ಅಂಕ: ವರದಿ ಮಾಡುವ ಕ್ರಮ

‘ತೀರಾ ಅತೃಪ್ತಿ’ಯಿಂದ ‘ತುಂಬಾ ತೃಪ್ತಿ’ವರೆಗಿನ 1ರಿಂದ 5ರ ಅಂಕಗಳಲ್ಲಿ ಮೇಲು–ಕೆಳಗಿನ ಕ್ರಮವಿದೆ, ಅಂಕಗಳ ನಡುವಿನ ಅಂತರ ಸಮವೆಂಬ ಖಾತರಿಯಿಲ್ಲ. ಇಂಥ ಅಂಕಗಳನ್ನು ಪ್ರತ್ಯೇಕ ಗುಂಪುಗಳ ನಡುವೆ ಹೋಲಿಸಲು ಕ್ರಸ್ಕಲ್ ಮತ್ತು ವಾಲಿಸ್ 1952ರಲ್ಲಿ ಪ್ರಕಟಿಸಿದ ಪರೀಕ್ಷೆ ಒದಗುತ್ತದೆ. ಅದು ಎಲ್ಲ ಅಂಕಗಳನ್ನೂ ಒಟ್ಟಿಗೆ ಸಾಲುಗೂಡಿಸಿ, ಗುಂಪುಗಳ ಸರಾಸರಿ ಸ್ಥಾನಗಳನ್ನು ತೂಗುತ್ತದೆ.

ಅ, ಆ, ಇ ಎಂಬ ಮೂರು ಗ್ರಂಥಾಲಯ ಶಾಖೆಗಳಲ್ಲಿ ತಲಾ 30 ಓದುಗರ ಕಾಲ್ಪನಿಕ ಸಮೀಕ್ಷೆಯನ್ನು ನೋಡಬಹುದು. ಫಲಿತಾಂಶವನ್ನು H(2) = 9.48, p = 0.009 ಎಂದು ಬರೆಯಬೇಕು. ಆವರಣದ 2 ಎಂದರೆ ಗುಂಪುಗಳ ಸಂಖ್ಯೆಗಿಂತ ಒಂದು ಕಡಿಮೆ. ಎಲ್ಲೋ ವ್ಯತ್ಯಾಸವಿದೆ ಎಂದಷ್ಟೇ ಇದು ಹೇಳುತ್ತದೆ.

ಎಲ್ಲಿ ಎಂಬುದಕ್ಕೆ ಡನ್ ಪರೀಕ್ಷೆಯಿಂದ ಜೋಡಿಗಳನ್ನು ಹೋಲಿಸಬೇಕು. ಅ–ಇ, ಆ–ಇ, ಅ–ಆ ಜೋಡಿಗಳ ಮೂಲ p ಕ್ರಮವಾಗಿ 0.0027, 0.036, 0.37 ಎನ್ನೋಣ. ಹೋಲಿಕೆ ಹೆಚ್ಚಿದಷ್ಟೂ ಆಕಸ್ಮಿಕ ‘ವ್ಯತ್ಯಾಸ’ ಕಾಣುವ ಸಂಭವ ಹೆಚ್ಚು. ಹಾಗಾಗಿ ಹೋಲ್ಮ್ ವಿಧಾನ ಅತಿ ಚಿಕ್ಕ p ಅನ್ನು 3ರಿಂದ, ಮುಂದಿನದನ್ನು 2ರಿಂದ ಗುಣಿಸಿ, ಕೊನೆಯದನ್ನು ಹಾಗೇ ಬಿಡುತ್ತದೆ. ಈಗ ಬೆಲೆಗಳು 0.008, 0.072, 0.37. ಮೊದಲು 0.05ರ ಮಿತಿಯೊಳಗಿದ್ದ ಆ–ಇ ಜೋಡಿ ಹೊರಬಿತ್ತು. ಅ–ಇ ಮಾತ್ರ ಉಳಿಯಿತು.

ವರದಿಯಲ್ಲಿ ಮೂರೂ ಜೋಡಿಗಳು, ಹೊಂದಾಣಿಕೆಯ ವಿಧಾನದ ಹೆಸರು ಮತ್ತು ಪ್ರತಿ ಗುಂಪಿನ ಮಧ್ಯಾಂಕ ಇರಬೇಕು. ಆ–ಇ ಶಾಖೆಗಳು ‘ಸಮಾನ’ ಎಂದು ಮಾತ್ರ ಬರೆಯಬಾರದು. ವ್ಯತ್ಯಾಸಕ್ಕೆ ಸಾಕಷ್ಟು ಪುರಾವೆ ಸಿಗಲಿಲ್ಲ ಎನ್ನುವುದೇ ಸರಿ.