ಬ್ಯಾಂಕಿನಲ್ಲಿ ಹಣವಿದ್ದರೆ ಸಾಲದು

ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಂಪನಿ ಇದೆ ಎಂದಿಟ್ಟುಕೊಳ್ಳಿ. ಅದರ ಈಕ್ವಿಟಿ ಷೇರು ಬಂಡವಾಳ 20 ಲಕ್ಷ, ಆದ್ಯತಾ ಷೇರು ಬಂಡವಾಳ 10 ಲಕ್ಷ, ವರ್ಷಗಳಿಂದ ಕೂಡಿಬಂದ ಲಾಭ 7 ಲಕ್ಷ. ಕಾಗದದ ವ್ಯಾಪಾರಿಗೂ ಬ್ಯಾಂಕಿಗೂ ಸೇರಿ 13 ಲಕ್ಷ ಕೊಡಬೇಕಿದೆ. ಖಾತೆಯಲ್ಲಿ 12 ಲಕ್ಷ ನಗದು ಇದೆ. ಆದ್ಯತಾ ಷೇರುದಾರರಿಗೆ ಹಣ ಹಿಂದಿರುಗಿಸುವ ದಿನ ಬಂದಿದೆ. ಚೆಕ್ ಬರೆದುಕೊಟ್ಟರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ಕಾಗದದ ವ್ಯಾಪಾರಿ ಸಾಲಕ್ಕೆ ಮಾಲು ಕೊಟ್ಟಾಗ ಕಂಪನಿಯಲ್ಲಿ 30 ಲಕ್ಷ ಬಂಡವಾಳವಿತ್ತು. ಮಾಲೀಕರು ಹಾಕಿದ ಆ ಹಣ ಹೊರಹೋಗುವುದಿಲ್ಲ ಎಂಬುದೇ ಅವನ ಧೈರ್ಯ. ಇಂದು 10 ಲಕ್ಷ ಕೊಟ್ಟು, ನಾಳೆ 7 ಲಕ್ಷವನ್ನು ಲಾಭಾಂಶವಾಗಿ ಹಂಚಿದರೆ ಅವನ ಬೆನ್ನಿಗೆ ಉಳಿಯುವುದು 20 ಲಕ್ಷ ಮಾತ್ರ. ಅವನನ್ನು ಯಾರೂ ಕೇಳಲಿಲ್ಲ.

ಅದಕ್ಕೇ 2013ರ ಕಂಪನಿಗಳ ಕಾಯ್ದೆಯ 55ನೇ ಕಲಂ ಎರಡೇ ದಾರಿ ಬಿಟ್ಟಿದೆ: ಲಾಭಾಂಶ ಹಂಚಲು ಯೋಗ್ಯವಾದ ಲಾಭ, ಇಲ್ಲವೇ ಇದಕ್ಕೆಂದೇ ಹೊರಡಿಸಿದ ಹೊಸ ಷೇರುಗಳ ಹಣ. ಡಿಬೆಂಚರ್ ಮಾರಿ ತಂದ ಹಣ ನಡೆಯುವುದಿಲ್ಲ. ಅದು ಬಂಡವಾಳದ ಜಾಗದಲ್ಲಿ ಸಾಲವನ್ನು ಕೂರಿಸಿದಂತೆ. ಹಳೆಯ ಯಂತ್ರವನ್ನು ಪುಸ್ತಕದ ಬೆಲೆಗೇ ಮಾರಿದರೆ ನಗದು ಬರುತ್ತದೆ, ಲಾಭ ಬರುವುದಿಲ್ಲ. ನಗದು ಬೇರೆ, ಲಾಭ ಬೇರೆ. ಎಡವುವುದು ಇಲ್ಲೇ.

ನಮ್ಮ ಕಂಪನಿಯ ಲಾಭ 7 ಲಕ್ಷವೇ ಆದ್ದರಿಂದ ಕನಿಷ್ಠ 3 ಲಕ್ಷದ ಹೊಸ ಷೇರು ಬೇಕೇ ಬೇಕು. ಅದು 4 ಲಕ್ಷದ ಈಕ್ವಿಟಿಯನ್ನು ಮುಖಬೆಲೆಗೆ ಹೊರಡಿಸಿತು ಎನ್ನೋಣ. ಉಳಿದ 6 ಲಕ್ಷ ಲಾಭದಿಂದ. ಆಗ ಅಷ್ಟೇ ಮೊತ್ತವನ್ನು ಲಾಭದ ಖಾತೆಯಿಂದ ತೆಗೆದು ಬಂಡವಾಳ ವಿಮೋಚನಾ ಮೀಸಲಿಗೆ, ಅಂದರೆ ಕ್ಯಾಪಿಟಲ್ ರಿಡೆಂಪ್ಷನ್ ರಿಸರ್ವ್‌ಗೆ, ವರ್ಗಾಯಿಸಬೇಕು. ಈಗ ಕೂಡಿ ನೋಡಿ: ಹಳೆಯ ಈಕ್ವಿಟಿ 20, ಹೊಸದು 4, ಮೀಸಲು 6. ಮತ್ತೆ 30 ಲಕ್ಷ. ವ್ಯಾಪಾರಿಯ ಆಸರೆ ಒಂದು ರೂಪಾಯಿಯೂ ಕುಗ್ಗಿಲ್ಲ. ಹಂಚಲು ಉಳಿದದ್ದು 1 ಲಕ್ಷ ಮಾತ್ರ.

ಈ ಮೀಸಲು ಎಂದರೆ ಬೇರೆಯಾಗಿ ತೆಗೆದಿಟ್ಟ ನೋಟಿನ ಕಟ್ಟು ಎಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಹಣ ಷೇರುದಾರರ ಕೈಸೇರಿ ಆಗಿದೆ. ಇದು 6 ಲಕ್ಷದ ಲಾಭಕ್ಕೆ ಹಾಕಿದ ಬೀಗ. ಆ ಮೊತ್ತವನ್ನು ಲಾಭಾಂಶವಾಗಿ ಹಂಚುವಂತಿಲ್ಲ. ಪೂರ್ತಿ ಪಾವತಿಯಾದ ಬೋನಸ್ ಷೇರು ಕೊಡಲು ಬಳಸಬಹುದು, ಏಕೆಂದರೆ ಆಗಲೂ ಅದು ಬಂಡವಾಳವಾಗಿಯೇ ಕಂಪನಿಯೊಳಗೆ ಉಳಿಯುತ್ತದೆ.

ಲಾಭವೂ ಇಲ್ಲ, ಹೊಸ ಷೇರು ಕೊಳ್ಳುವವರೂ ಇಲ್ಲವಾದರೆ? ಮೊತ್ತದ ಲೆಕ್ಕದಲ್ಲಿ ನಾಲ್ಕರಲ್ಲಿ ಮೂರು ಪಾಲು ಆದ್ಯತಾ ಷೇರುದಾರರು ಒಪ್ಪಿ, ಕಂಪನಿ ಕಾನೂನು ನ್ಯಾಯಮಂಡಳಿಯೂ ಅನುಮತಿಸಿದರೆ, ಹಳೆಯದರ ಬದಲು ಹೊಸ ಆದ್ಯತಾ ಷೇರು ಕೊಡಬಹುದು. ಒಪ್ಪದವರ ಷೇರುಗಳನ್ನು ಮಾತ್ರ ಕೂಡಲೇ ವಿಮೋಚಿಸುವಂತೆ ಮಂಡಳಿ ಆದೇಶಿಸುತ್ತದೆ.

ಬ್ಯಾಲೆನ್ಸ್ ಶೀಟ್ ಕೈಗೆ ಬಂದಾಗ ಹಿಂದಿನ ವರ್ಷದ ಅಂಕಣದಲ್ಲಿದ್ದ ಆದ್ಯತಾ ಷೇರು ಈ ವರ್ಷ ಕಾಣದಿದ್ದರೆ, ಷೇರು ಬಂಡವಾಳ ಎಷ್ಟು ಏರಿದೆ, ವಿಮೋಚನಾ ಮೀಸಲು ಎಷ್ಟು ಬಂದಿದೆ ಎಂದು ನೋಡಿ. ಎರಡೂ ಸೇರಿ ಕಾಣೆಯಾದ ಮೊತ್ತಕ್ಕೆ ಸಮನಾಗದಿದ್ದರೆ ಆ ಹಣ ಎಲ್ಲಿಂದ ಬಂತೆಂದು ವಾರ್ಷಿಕ ಸಭೆಯಲ್ಲಿ ಕೇಳಿ.