ಕಿಬ್ಬೊಟ್ಟೆಯ ನೋವನ್ನು ‘ಉಷ್ಣ’ವೆಂದು ಕಡೆಗಣಿಸದಿರಿ

ಕಿಬ್ಬೊಟ್ಟೆಯಲ್ಲಿ ನೋವು, ದುರ್ಗಂಧಯುಕ್ತ ಬಿಳಿ ಸೆರಗು, ಮುಟ್ಟಿನ ದಿನವಲ್ಲದಿದ್ದರೂ ರಕ್ತ ಕಾಣುವುದು, ಈ ಮೂರನ್ನೂ ನಮ್ಮ ಮನೆಗಳಲ್ಲಿ ‘ಉಷ್ಣವಾಗಿದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದುಂಟು. ನೆನೆಸಿದ ಮೆಂತ್ಯ, ಎಳನೀರುಗಳಲ್ಲಿ ಒಂದೆರಡು ವಾರ ಕಳೆದುಹೋಗುತ್ತವೆ. ಆದರೆ ಈ ಲಕ್ಷಣಗಳ ಹಿಂದೆ ಗರ್ಭಕೋಶ ಮತ್ತು ಗರ್ಭನಾಳಗಳ ಉರಿಯೂತ ಇರಬಹುದು. ವೈದ್ಯರು ಇದನ್ನು ಪಿಐಡಿ ಎಂದು ಕರೆಯುತ್ತಾರೆ. ಇದರಲ್ಲಿ ಕಳೆದುಹೋದ ದಿನಗಳಿಗೆ ಮುಂದೆ ಬೆಲೆ ತೆರಬೇಕಾಗುತ್ತದೆ.

ಯೋನಿಯಲ್ಲಿರುವ ಸೋಂಕು ಗರ್ಭಕೋಶದ ಬಾಯಿಯನ್ನು ದಾಟಿ ಮೇಲಕ್ಕೇರಿದಾಗ ಈ ರೋಗ ಉಂಟಾಗುತ್ತದೆ. ಕ್ಲಮೈಡಿಯಾ ಮತ್ತು ಗೊನೊರಿಯಾ ರೋಗಾಣುಗಳು ದಾಂಪತ್ಯ ಸಂಪರ್ಕದಿಂದ ಬರುತ್ತವೆ. ಅವು ಯಾವ ಲಕ್ಷಣವನ್ನೂ ತೋರದೆ ಬಹುಕಾಲ ಅಡಗಿರಬಲ್ಲವಾದ್ದರಿಂದ ಯಾರಿಂದ, ಎಂದು ಬಂದಿತೆಂದು ಹೇಳುವುದು ಕಷ್ಟ. ಹೆರಿಗೆ ಅಥವಾ ಗರ್ಭಪಾತದ ಬಳಿಕ, ಕಾಪರ್-ಟಿ ಅಳವಡಿಸಿದ ಮೊದಲ ಕೆಲವು ವಾರಗಳಲ್ಲಿಯೂ ಸೋಂಕು ಮೇಲೇರಬಹುದು. ಆದುದರಿಂದ ಈ ರೋಗ ಬಂದವರನ್ನು ಶಂಕೆಯಿಂದ ನೋಡುವುದು ಸಲ್ಲದು.

ಅಪಾಯವಿರುವುದು ಗರ್ಭನಾಳದಲ್ಲಿ. ಸುಮಾರು 10 ಸೆಂಟಿಮೀಟರ್ ಉದ್ದದ ಈ ನಾಳದ ಒಳದಾರಿ ಗರ್ಭಕೋಶವನ್ನು ಸೇರುವೆಡೆ ಬಹಳ ಕಿರಿದು. ಒಳಗೋಡೆಯ ಮೇಲಿರುವ ಅತಿ ಸೂಕ್ಷ್ಮವಾದ ರೋಮಗಳು ಅಂಡವನ್ನು ಮೆಲ್ಲನೆ ಮುಂದಕ್ಕೆ ಸಾಗಿಸುತ್ತವೆ. ಉರಿಯೂತ ಮುಂದುವರಿದರೆ ಈ ರೋಮಗಳು ನಾಶವಾಗಿ, ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ಕಲೆಗಟ್ಟುತ್ತವೆ. ನಾಳ ಪೂರ್ತಿಯಾಗಿ ಮುಚ್ಚಿದರೆ ಬಂಜೆತನ ಉಂಟಾಗಬಹುದು. ಅರ್ಧ ಮುಚ್ಚಿದರೆ ಭ್ರೂಣ ನಾಳದಲ್ಲಿಯೇ ಸಿಲುಕಿ ಬೆಳೆದು ತಾಯಿಯ ಜೀವಕ್ಕೇ ಕುತ್ತಾಗಬಹುದು. ಔಷಧವು ರೋಗಾಣುಗಳನ್ನು ಕೊಲ್ಲುತ್ತದೆಯೇ ಹೊರತು ಒಮ್ಮೆ ಉಂಟಾದ ಕಲೆಯನ್ನು ಅಳಿಸಲಾರದು. ಬೇಗ ಚಿಕಿತ್ಸೆ ಪಡೆಯಬೇಕೆನ್ನುವುದು ಇದೇ ಕಾರಣಕ್ಕೆ.

ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಈ ರೋಗಕ್ಕೆ ಚಿಕಿತ್ಸೆ ಪಡೆದ ಸ್ತ್ರೀಯರನ್ನು ಹಲವು ವರ್ಷ ಗಮನಿಸಿದಾಗ, ಒಮ್ಮೆ ರೋಗ ಬಂದವರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ, ಮೂರು ಅಥವಾ ಹೆಚ್ಚು ಸಲ ಬಂದವರಲ್ಲಿ ಸುಮಾರು 40 ಮಂದಿಗೆ ನಾಳದ ದೋಷದಿಂದ ಬಂಜೆತನ ಬಂದಿತ್ತು. ನೋವು ತೋರಿದ ಮೇಲೆ ಮೂರು ದಿನ ಅಥವಾ ಹೆಚ್ಚು ತಡಮಾಡಿದವರಲ್ಲಿ, ಬೇಗ ಬಂದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಇಂತಹ ತೊಂದರೆಗಳು ಕಂಡುಬಂದವು.

ಒಂದು ಉದಾಹರಣೆಯನ್ನು ನೋಡೋಣ. 26 ವರ್ಷದ ಗೃಹಿಣಿ, ಒಂದು ಮಗುವಿನ ತಾಯಿ. ಮುಟ್ಟು ನಿಂತ ಐದನೆಯ ದಿನ ಕಿಬ್ಬೊಟ್ಟೆಯ ಎರಡೂ ಬದಿಯಲ್ಲಿ ನೋವು, ಹಳದಿ ಸ್ರಾವ, ಸಂಪರ್ಕದ ನಂತರ ರಕ್ತ. ಎರಡನೆಯ ದಿನವೇ ಆಕೆ ವೈದ್ಯರ ಬಳಿಗೆ ಬರುತ್ತಾಳೆ. ನಾಳದಲ್ಲಿ ಗರ್ಭ ನಿಂತಿದ್ದರೂ ಇವೇ ಲಕ್ಷಣಗಳು ತೋರಬಹುದಾದ್ದರಿಂದ ಮೊದಲು ಮೂತ್ರದಿಂದ ಗರ್ಭಪರೀಕ್ಷೆ ನಡೆಯುತ್ತದೆ. ಅನಂತರ ಒಳಪರೀಕ್ಷೆಯಲ್ಲಿ ಗರ್ಭಕೋಶದ ಬಾಯಿಯನ್ನು ಅಲುಗಿಸಿದಾಗ ತೀವ್ರ ನೋವು ಕಂಡುಬರುತ್ತದೆ. ಚಿಕಿತ್ಸೆ ಆರಂಭಿಸಲು ಇಷ್ಟೇ ಸಾಕು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ರೋಗವಿಲ್ಲವೆಂದು ಹೇಳಲಾಗದು.

ಸಾಮಾನ್ಯವಾಗಿ ಆರಂಭದಲ್ಲಿ ಒಂದು ಆ್ಯಂಟಿಬಯಾಟಿಕ್ ಚುಚ್ಚುಮದ್ದು, ಬಳಿಕ ಡಾಕ್ಸಿಸೈಕ್ಲಿನ್ ಮತ್ತು ಮೆಟ್ರೊನಿಡಜೋಲ್ ಮಾತ್ರೆಗಳನ್ನು 14 ದಿನ ಕೊಡುತ್ತಾರೆ. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಮೂರನೆಯ ದಿನ ಮರಳಿ ತೋರಿಸುವುದು ಅಗತ್ಯ; ಅಷ್ಟರಲ್ಲಿ ನೋವು ತಗ್ಗದಿದ್ದರೆ ಕೀವುಗಡ್ಡೆ ಇದೆಯೇ ಎಂದು ನೋಡಬೇಕು. ಹಲವರು ಎಡವುವುದು ಐದಾರನೆಯ ದಿನ. ನೋವು ಹೋಯಿತೆಂದು ಮಾತ್ರೆ ನಿಲ್ಲಿಸುತ್ತಾರೆ, ಸೋಂಕು ಒಳಗೇ ಉಳಿಯುತ್ತದೆ. ಪತಿಗೆ ಯಾವ ತೊಂದರೆಯೂ ಇಲ್ಲದಿದ್ದರೂ ಅವರಿಗೂ ಚಿಕಿತ್ಸೆಯಾಗಬೇಕು. ಇಬ್ಬರ ಚಿಕಿತ್ಸೆ ಮುಗಿಯುವವರೆಗೆ ಸಂಪರ್ಕ ಕೂಡದು. ಇಲ್ಲವಾದರೆ ರೋಗ ಮರುಕಳಿಸಿ, ಮೇಲೆ ಹೇಳಿದ ಲೆಕ್ಕದಲ್ಲಿ ಆಕೆ ಎರಡನೆಯ ಸಲದ ಸಾಲಿಗೆ ಸೇರುತ್ತಾಳೆ.

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಹೇಳಿರುವ 20 ಯೋನಿವ್ಯಾಪತ್ತುಗಳಲ್ಲಿ ‘ಪರಿಪ್ಲುತಾ’ ಒಂದು. ಊತ, ಮುಟ್ಟಲಾಗದ ನೋವು, ಹಳದಿ ಛಾಯೆಯ ಸ್ರಾವ, ಸೊಂಟನೋವು, ಜ್ವರ ಎಂಬ ಅದರ ವರ್ಣನೆ ಈ ರೋಗಕ್ಕೆ ಬಹಳ ಹತ್ತಿರವಾಗಿದೆ. ಹೀಗಿದ್ದರೂ ಆಯುರ್ವೇದ ವೈದ್ಯನಾಗಿ ಸ್ಪಷ್ಟವಾಗಿ ಹೇಳುತ್ತೇನೆ: ತೀವ್ರ ಸೋಂಕಿನಲ್ಲಿ ಅಶೋಕಾರಿಷ್ಟ ಅಥವಾ ಕಷಾಯಗಳು ಆ್ಯಂಟಿಬಯಾಟಿಕ್‌ಗೆ ಬದಲಿಯಲ್ಲ. ಆಗ ಉತ್ತರಬಸ್ತಿಯನ್ನಂತೂ ಮಾಡಿಸಲೇಬಾರದು. ಅದು ಸೋಂಕನ್ನು ಮೇಲಕ್ಕೆ ತಳ್ಳಬಹುದು. ಸೋಂಕು ಪೂರ್ಣ ಶಮನವಾದ ಬಳಿಕ ಪಥ್ಯ ಮತ್ತು ಬಲವರ್ಧಕ ಔಷಧಗಳನ್ನು ವೈದ್ಯರ ಸಲಹೆಯಂತೆ ಸೇವಿಸಬಹುದು.

ತಾಯಂದಿರು ಈ ನೋವನ್ನು ಮೂರು ದಿನ ಮೀರಲು ಬಿಡಬಾರದು. ಹೆಚ್ಚು ಜ್ವರ, ವಾಂತಿ, ತಲೆಸುತ್ತು ಇದ್ದರೆ ಅಥವಾ ಮುಟ್ಟು ತಪ್ಪಿದ ಮೇಲೆ ಹೊಟ್ಟೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೇಳಿಕೊಳ್ಳಲು ಸಂಕೋಚವಿದ್ದಲ್ಲಿ, ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಗೌಪ್ಯವಾಗಿ, ಉಚಿತವಾಗಿ ದಂಪತಿಗಳಿಬ್ಬರಿಗೂ ಚಿಕಿತ್ಸೆ ದೊರೆಯುತ್ತದೆ.