2,100ಕ್ಕೆ ಮಾರಿದ ಸೀರೆ, ಖಾತೆಗೆ ಬಂದದ್ದು 1,649

ಆನ್‌ಲೈನ್ ಮಾರುಕಟ್ಟೆಯಲ್ಲಿ ಸರಕು ಮಾರುವವರ ಕೈಗೆ ಗಿರಾಕಿಯ ಹಣ ನೇರವಾಗಿ ಬರುವುದಿಲ್ಲ. ಅದು ಮೊದಲು ಮಾರುಕಟ್ಟೆ ನಡೆಸುವ ಕಂಪನಿಗೆ ಹೋಗುತ್ತದೆ. ಕಂಪನಿ ತನ್ನ ಕಮಿಷನ್ ಹಿಡಿದುಕೊಂಡು, ಕೊರಿಯರ್ ಖರ್ಚು ಕಳೆದು, ಸರ್ಕಾರದ ಪರವಾಗಿ ತೆರಿಗೆ ಮುರಿದುಕೊಂಡು, ಉಳಿದದ್ದನ್ನು ಕೆಲವು ದಿನಗಳ ನಂತರ ಮಾರಾಟಗಾರರ ಖಾತೆಗೆ ಹಾಕುತ್ತದೆ. ಬ್ಯಾಂಕಿನ ಮೆಸೇಜಿನಲ್ಲಿ ಕಾಣುವುದು ಆ ಕೊನೆಯ ಮೊತ್ತ ಮಾತ್ರ. ಅದನ್ನೇ ವ್ಯಾಪಾರ ಎಂದುಕೊಂಡವರಿಗೆ ಲಾಭವೂ ತಪ್ಪಾಗಿ ಕಾಣುತ್ತದೆ, ತೆರಿಗೆಯ ಲೆಕ್ಕವೂ ತಪ್ಪುತ್ತದೆ.

ಒಂದು ಉದಾಹರಣೆ ಹಿಡಿದು ನೋಡೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಿಂದ ಒಬ್ಬರು ಪುಣೆಯ ಗಿರಾಕಿಗೆ ಒಂದು ಇಳಕಲ್ ಸೀರೆ ಮಾರುತ್ತಾರೆ. ಗಿರಾಕಿ ಕೊಟ್ಟದ್ದು 2,100 ರೂಪಾಯಿ. ಸೀರೆಗೆ ಜಿಎಸ್‌ಟಿ ಶೇ. 5. ಹಾಗಾಗಿ ಸೀರೆಯ ಬೆಲೆ 2,000, ತೆರಿಗೆ 100. ಕಮಿಷನ್ನಿನ ದರ ಕಂಪನಿಯಿಂದ ಕಂಪನಿಗೆ, ಸರಕಿನಿಂದ ಸರಕಿಗೆ ಬೇರೆ. ಇಲ್ಲಿ ಶೇ. 12 ಎಂದಿಟ್ಟುಕೊಂಡರೆ 252 ರೂಪಾಯಿ. ಪ್ರತಿ ಆರ್ಡರಿಗೆ ಹಾಕುವ ನಿಗದಿತ ಶುಲ್ಕ 30, ಕೊರಿಯರ್ 90. ಮೂರೂ ಸೇರಿ 372. ಕಂಪನಿ ಕೊಡುವುದು ಸೇವೆಯಾದ್ದರಿಂದ ಈ 372ರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 66 ರೂಪಾಯಿ 96 ಪೈಸೆ.

ಇದರ ಮೇಲೆ ಇನ್ನೆರಡು ಕಡಿತ. ಮೊದಲನೆಯದು ಜಿಎಸ್‌ಟಿ ಕಾನೂನಿನ 52ನೇ ಕಲಮಿನ ಪ್ರಕಾರ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಎಲ್ಲರ ಬಾಯಲ್ಲಿ ಟಿಸಿಎಸ್. 2018ರ ಅಕ್ಟೋಬರಿನಲ್ಲಿ ಜಾರಿಗೆ ಬಂದಾಗ ಶೇ. 1 ಇತ್ತು. 2024ರ ಜುಲೈ 10ರಿಂದ ಅದನ್ನು ಶೇ. 0.5ಕ್ಕೆ ಇಳಿಸಲಾಯಿತು. ಜಿಎಸ್‌ಟಿ ಬಿಟ್ಟು ಉಳಿದ 2,000ದ ಮೇಲೆ ಅದು 10 ರೂಪಾಯಿ. ಎರಡನೆಯದು ಆದಾಯ ತೆರಿಗೆಯ ಟಿಡಿಎಸ್. 2024ರ ಅಕ್ಟೋಬರಿನಿಂದ ಇದರ ದರ ಶೇ. 0.1, ಅಂದರೆ 2 ರೂಪಾಯಿ. ಪಾನ್ ಕೊಟ್ಟಿರುವ ಒಬ್ಬಂಟಿ ವ್ಯಾಪಾರಿಯ ವರ್ಷದ ಮಾರಾಟ ಆ ಕಂಪನಿಯಲ್ಲಿ 5 ಲಕ್ಷ ದಾಟದಿದ್ದರೆ ಈ ಟಿಡಿಎಸ್ ಮುರಿಯುವುದಿಲ್ಲ. ನಮ್ಮ ವ್ಯಾಪಾರಿ ದಾಟಿದ್ದಾರೆ ಎಂದುಕೊಳ್ಳೋಣ. ಎಲ್ಲ ಕಳೆದು ಖಾತೆಗೆ ಬರುವುದು 1,649 ರೂಪಾಯಿ 4 ಪೈಸೆ.

ನೋಡಿದವರಿಗೆ 451 ರೂಪಾಯಿ ಹೋಯಿತು ಅನಿಸುತ್ತದೆ. ಆದರೆ ಅದರಲ್ಲಿ ಎರಡು ಬಗೆಯ ಹಣವಿದೆ. ಕಮಿಷನ್, ನಿಗದಿತ ಶುಲ್ಕ, ಕೊರಿಯರ್ ಸೇರಿ 372 ರೂಪಾಯಿ ಖರ್ಚಾಗಿ ಹೋದ ಹಣ. ಉಳಿದ 78 ರೂಪಾಯಿ 96 ಪೈಸೆ ಸರ್ಕಾರದ ಕಡೆ ಜಮೆಯಾಗಿದೆ, ಕೇಳಿ ಪಡೆದರೆ ವ್ಯಾಪಾರಿಯದೇ. ಗಿರಾಕಿಯಿಂದ ಬಂದ 100 ರೂಪಾಯಿ ಜಿಎಸ್‌ಟಿಯನ್ನು ಸರ್ಕಾರಕ್ಕೆ ಕಟ್ಟುವಾಗ, ಕಮಿಷನ್ ಬಿಲ್ಲಿನ ಮೇಲೆ ತೆತ್ತ 66.96ನ್ನು ಅದರಲ್ಲಿ ವಜಾ ಮಾಡಿಕೊಳ್ಳಬಹುದು. ಉಳಿದ 33.04ಕ್ಕೆ ಟಿಸಿಎಸ್‌ನ 10 ರೂಪಾಯಿ ಬಳಸಬಹುದು. ಕೈಯಿಂದ ಕಟ್ಟಬೇಕಾದದ್ದು 23 ರೂಪಾಯಿ 4 ಪೈಸೆ ಮಾತ್ರ. ಟಿಡಿಎಸ್‌ನ 2 ರೂಪಾಯಿ ವರ್ಷದ ಕೊನೆಗೆ ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆ. ಕೊನೆಗೆ ಉಳಿಯುವುದು 1,628. ಬೆಲೆ 2,000ದಲ್ಲಿ ಖರ್ಚು 372 ಕಳೆದರೂ ಅದೇ ಬರುತ್ತದೆ. ಲಾಭ ನೋಡಬೇಕಾದದ್ದು ಈ 1,628ರಿಂದ, ಬ್ಯಾಂಕಿಗೆ ಬಂದ 1,649ರಿಂದ ಅಲ್ಲ.

ಆದರೆ ಟಿಸಿಎಸ್ ತಾನಾಗಿ ಕೈಗೆ ಬರುವುದಿಲ್ಲ. ಒಂದು ತಿಂಗಳು ಹಿಡಿದದ್ದನ್ನು ಕಂಪನಿ ಮುಂದಿನ ತಿಂಗಳ 10ರೊಳಗೆ ಜಿಎಸ್‌ಟಿಆರ್-8 ಎಂಬ ರಿಟರ್ನಿನಲ್ಲಿ ತೋರಿಸುತ್ತದೆ. ಆಮೇಲೆ ವ್ಯಾಪಾರಿ ಜಿಎಸ್‌ಟಿ ಪೋರ್ಟಲಿಗೆ ಲಾಗಿನ್ ಆಗಿ, TDS and TCS Credit Received ಎಂಬಲ್ಲಿ ಮೊತ್ತ ನೋಡಿ, ಒಪ್ಪಿಗೆ ಕೊಟ್ಟು ಸಲ್ಲಿಸಬೇಕು. ಆಗಲೇ ಅದು ಅವರ ನಗದು ಲೆಡ್ಜರಿಗೆ ಬೀಳುತ್ತದೆ. ಒಂದೊಂದು ಆರ್ಡರಿಗೆ ಹತ್ತು ರೂಪಾಯಿ ಎಂದು ಅಸಡ್ಡೆ ಮಾಡಿದರೆ, ತಿಂಗಳಿಗೆ 300 ಸೀರೆ ಮಾರುವವರ 3,000 ರೂಪಾಯಿ ಅಲ್ಲೇ ಕೂತಿರುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. ಖಾತೆಗೆ ಬಂದ ಮೊತ್ತವನ್ನೇ ಮಾರಾಟ ಎಂದು ಜಿಎಸ್‌ಟಿ ರಿಟರ್ನಿನಲ್ಲಿ ತೋರಿಸುವವರಿದ್ದಾರೆ. ಕಂಪನಿ ಅದೇ ಸೀರೆಯನ್ನು 2,000 ಎಂದು ತೋರಿಸಿರುತ್ತದೆ. ಇಲಾಖೆಯ ಕಂಪ್ಯೂಟರಿನಲ್ಲಿ ಎರಡೂ ಅಂಕಿ ಇರುತ್ತವೆ, ತಾಳೆಯಾಗದಿದ್ದರೆ ನೋಟಿಸು ಬರುತ್ತದೆ. ತಿಂಗಳಾಂತ್ಯದ ಆರ್ಡರುಗಳಲ್ಲೂ ಇದೇ ತೊಡಕು. 28ನೇ ತಾರೀಖು ಬಿಲ್ ಆದ ಸೀರೆಯ ಹಣ ಮುಂದಿನ ತಿಂಗಳು ಬಂದರೂ, ಮಾರಾಟ ಸೇರಬೇಕಾದದ್ದು ಬಿಲ್ಲಿನ ತಿಂಗಳಿಗೆ. ಆದ್ದರಿಂದ ರಿಟರ್ನ್ ತುಂಬಲು ಬ್ಯಾಂಕ್ ಪಾಸ್‌ಬುಕ್ ಸಾಲದು, ಕಂಪನಿ ಕೊಡುವ ತಿಂಗಳ ಮಾರಾಟದ ವರದಿಯೇ ಬೇಕು.

ತೆರಿಗೆಯಲ್ಲಿ ಹೋದದ್ದು ವಾಪಸಾದೀತು, ಕೊರಿಯರಿನಲ್ಲಿ ಹೋದದ್ದು ಬರುವುದಿಲ್ಲ. ಕೊರಿಯರಿನವರು ಪೊಟ್ಟಣದ ತೂಕವನ್ನಷ್ಟೇ ನೋಡುವುದಿಲ್ಲ, ಗಾತ್ರವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಅದನ್ನೂ ತಕ್ಕಡಿಯ ತೂಕವನ್ನೂ ಹೋಲಿಸಿ, ಹೆಚ್ಚು ಯಾವುದೋ ಅದಕ್ಕೆ ದುಡ್ಡು ಹಾಕುತ್ತಾರೆ. 480 ಗ್ರಾಂ ತೂಗುವ ಸೀರೆಯನ್ನು 35, 25, 8 ಸೆಂಟಿಮೀಟರಿನ ಡಬ್ಬಿಯಲ್ಲಿ ಹಾಕಿದರೆ ಲೆಕ್ಕಕ್ಕೆ ಬರುವ ತೂಕ 1.4 ಕೆಜಿ. ಅದೇ ಸೀರೆಯನ್ನು ಚಪ್ಪಟೆಯಾಗಿ ಮಡಚಿ 30, 25, 3 ಸೆಂಟಿಮೀಟರಿನ ಕವರಿನಲ್ಲಿ ಕಳಿಸಿದರೆ ಅರ್ಧ ಕೆಜಿಯ ಒಳಗೇ ಉಳಿಯುತ್ತದೆ. ಪಟ್ಟಿಯಲ್ಲಿ ಒಂದೇ ಸೀರೆಗೆ ಒಮ್ಮೆ 90, ಇನ್ನೊಮ್ಮೆ 150 ಕಂಡರೆ ಅನುಮಾನಿಸಬೇಕಾದದ್ದು ಈ ಅಳತೆಯನ್ನೇ. ತಕರಾರು ಸಲ್ಲಿಸಲು ಗಡುವು ಇರುತ್ತದೆ. ತಕ್ಕಡಿ ಮತ್ತು ಟೇಪು ಕಾಣುವಂತೆ ಪೊಟ್ಟಣದ ಫೋಟೊ ಮೊದಲೇ ತೆಗೆದಿಟ್ಟಿದ್ದರೆ ವಾದಕ್ಕೆ ಬಲ ಬರುತ್ತದೆ.

ಗಿರಾಕಿ ಸೀರೆ ವಾಪಸ್ ಮಾಡಿದರೆ ಏನಾಗುತ್ತದೆ? ಮಾರಾಟ ರದ್ದಾಗುತ್ತದೆ, ಅದರ ಟಿಸಿಎಸ್ ಲೆಕ್ಕವೂ ಇಳಿಯುತ್ತದೆ. ಕಮಿಷನ್ ಪೂರ್ತಿ ವಾಪಸಾಗುತ್ತದೋ ಇಲ್ಲವೋ ಎಂಬುದು ಕಂಪನಿಯ ನಿಯಮಕ್ಕೆ ಬಿಟ್ಟದ್ದು. ಆದರೆ ಹೋಗುವ ಕೊರಿಯರ್ 90, ಬರುವ ಕೊರಿಯರ್ 110 ಎಂದಾದರೆ ಆ 200 ರೂಪಾಯಿ ಮುಂದಿನ ಪೇಮೆಂಟಿನಲ್ಲಿ ಮುರಿದುಹೋಗುತ್ತದೆ. ಸೀರೆಯ ಅಸಲು, ಪ್ಯಾಕಿಂಗ್ ಸೇರಿ 1,378 ಆದರೆ ಒಂದು ಮಾರಾಟದ ಲಾಭ 250. ಐದು ಕಳಿಸಿ ಒಂದು ತಿರುಗಿ ಬಂದರೆ, ನಾಲ್ಕರ ಲಾಭ 1,000ದಲ್ಲಿ 200 ಹೋಗಿ 800 ಉಳಿಯುತ್ತದೆ. ಬೆಲೆ ಕಟ್ಟುವಾಗಲೇ ಈ ನಷ್ಟವನ್ನು ಸೇರಿಸದಿದ್ದರೆ, ಮಾರಾಟ ಏರುತ್ತಿದ್ದರೂ ಕೈಯಲ್ಲಿ ದುಡ್ಡು ಯಾಕೆ ನಿಲ್ಲುತ್ತಿಲ್ಲ ಎಂಬುದು ಗೊತ್ತಾಗುವುದೇ ಇಲ್ಲ.

ಹೊಸದಾಗಿ ಶುರು ಮಾಡುವವರು ಇನ್ನೊಂದು ವಿಷಯ ತಿಳಿದಿರಬೇಕು. 2023ರ ಅಕ್ಟೋಬರಿನಿಂದ, ವಹಿವಾಟು ನೋಂದಣಿಯ ಮಿತಿ ದಾಟದ ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿ ಇಲ್ಲದೆಯೇ, ಪೋರ್ಟಲಿನಲ್ಲಿ ಒಂದು ಗುರುತಿನ ಸಂಖ್ಯೆ ಪಡೆದು ಆನ್‌ಲೈನಿನಲ್ಲಿ ಸರಕು ಮಾರಬಹುದು. ಅವರಿಂದ ಟಿಸಿಎಸ್ ಹಿಡಿಯುವುದಿಲ್ಲ. ಆದರೆ ಕಮಿಷನ್ ಮೇಲಿನ ಶೇ. 18 ಅವರಿಗೆ ವಾಪಸ್ ಸಿಗುವುದಿಲ್ಲ, ಮಾರಾಟವೂ ತಮ್ಮ ರಾಜ್ಯದೊಳಗೆ ಮಾತ್ರ. ಇಳಕಲ್ಲಿನಿಂದ ಬೆಂಗಳೂರಿಗೆ ಕಳಿಸಬಹುದು, ಪುಣೆಗೆ ಕಳಿಸಬೇಕೆಂದರೆ ನೋಂದಣಿ ಆಗಲೇಬೇಕು.